ಬಿಚ್ಚದ ಚೀಲ

ಮಧುಗಿರಿಯಲ್ಲಿ ಹತ್ತು ವರ್ಷದಿಂದ ಕೊರಿಯರ್ ಅಂಗಡಿ ನಡೆಸುತ್ತಿದ್ದೇನೆ. ಪಾರ್ಸೆಲ್ ಎಲ್ಲಿದೆ ಅಂತ ಫೋನಿನಲ್ಲಿ ಬರುವ ಇಂಗ್ಲಿಷ್ ಮಾತುಗಳ ಒಳಗುಟ್ಟು ನನಗೆ ಗೊತ್ತು. ‘ಇನ್ ಟ್ರಾನ್ಸಿಟ್’ ಅಂದರೆ ಒಂದು ಕಡೆ ಬಿಟ್ಟಿದೆ, ಇನ್ನೊಂದು ಕಡೆ ಮುಟ್ಟಿಲ್ಲ. ಓಡುವ ಲಾರಿಯಲ್ಲೇ ಇರಬೇಕೆಂದಿಲ್ಲ, ಯಾವುದೋ ಗೋಡೌನಿನ ಮೂಲೆಯಲ್ಲಿ ಬಿದ್ದಿದ್ದರೂ ಅದೇ ಮಾತು. ‘ಹಬ್ ಡಿಲೇ’ ಅಂದರೆ ಊರೂರಿಗೆ ವಿಂಗಡಿಸುವ ದೊಡ್ಡ ಗೋಡೌನಿನಲ್ಲಿ ಅದರ ಗಾಡಿ ತಪ್ಪಿದೆ. ಇದನ್ನೆಲ್ಲ ವೃಷಭೇಂದ್ರಪ್ಪನವರಿಗೆ ಚೀಟಿಯಲ್ಲಿ ಬರೆದು ತಿಳಿಸಿದವನು ನಾನೇ. ಅವರಿಗೆ ಕಿವಿ ಕೇಳುವುದಿಲ್ಲ. ಬೆಂಗಳೂರಿಗೆ ರಿಪೇರಿಗೆ ಹೋಗಿದ್ದ ಅವರ ಕಿವಿ ಮಷೀನೇ ವಾಪಸ್ ಬರಬೇಕಿತ್ತು.

ಶಿರಾದಲ್ಲಿ ಅವರ ಗೆಳೆಯ ನಿಯಾಜ್ ಅಹಮದ್ ಹಾಸಿಗೆ ಹಿಡಿದಿದ್ದರು. ಮೂವತ್ತು ವರ್ಷ ಜೊತೆಯಲ್ಲಿ ಕಡಲೆಕಾಯಿ ವ್ಯಾಪಾರ ಮಾಡಿ, ಯಾವುದೋ ಮಾತಿಗೆ ಮುನಿಸಿಕೊಂಡು ದೂರವಾದವರು ಇವರಿಬ್ಬರು. ಈಗ ನಿಯಾಜ್, ನಿನಗೊಂದು ಮಾತು ಹೇಳಬೇಕು ಬಾ, ಅಂತ ಹೇಳಿಕಳಿಸಿದ್ದರು. ಮಷೀನಿಲ್ಲದೆ ಹೋದರೆ ಬರೀ ಬಾಯಿ ನೋಡಿಕೊಂಡು ಕೂರಬೇಕಲ್ಲ ಅನ್ನುವುದೇ ವೃಷಭೇಂದ್ರಪ್ಪ ಯಜಮಾನರ ಸಂಕಟ.

ಗುರುವಾರ ಬೆಳಿಗ್ಗೆ ಫೋನ್ ಹಿಡಿದು ಬಂದರು. ‘ಔಟ್ ಫಾರ್ ಡೆಲಿವರಿ’ ಅಂತ ಬಂದಿತ್ತು, ಅಂದರೆ ಪಾರ್ಸೆಲ್ ಊರು ಮುಟ್ಟಿ ಮನೆಗೆ ಹೊರಟಿದೆ ಅಂತ. ಶಿರಾ ಬಸ್ಸು ಹತ್ತಲೋ, ಕಾಯಲೋ ಅಂತ ಕೇಳಿದರು. ‘ಇರಿ, ಇವತ್ತು ಸಿಗುತ್ತೆ’ ಅಂತ ಬರೆದುಕೊಟ್ಟೆ.

ಫೋನಿನಲ್ಲಿ ಆ ಮಾತು ಬರುವಂತೆ ಮಾಡಿದವನೂ ನಾನೇ. ಹತ್ತು ಗಂಟೆಯೊಳಗೆ ಆಗದಿದ್ದರೆ ಮೇಲಿನವರು ಉಗಿಯುತ್ತಾರೆಂದು, ಪಾರ್ಸೆಲ್ ಚೀಲದ ಜೊತೆ ಬಂದ ಪಟ್ಟಿಯ ನಂಬರುಗಳನ್ನೆಲ್ಲ ಒಂದೇ ಏಟಿಗೆ ಕಂಪ್ಯೂಟರಿಗೆ ಏರಿಸಿಬಿಡುತ್ತೇನೆ. ಚೀಲ ಬಿಚ್ಚಿ ನೋಡುವುದು ಆಮೇಲೆ. ಮಧ್ಯಾಹ್ನ ಬಿಚ್ಚಿದೆ. ಮಷೀನು ಪಟ್ಟಿಯಲ್ಲಿತ್ತು, ಚೀಲದಲ್ಲಿರಲಿಲ್ಲ. ಅವರ ಮನೆ ಎರಡು ಬೀದಿ ಆಚೆ. ಎದ್ದು ಹೋಗಿ ಹೇಳಿದ್ದರೆ, ಮಷೀನಿಲ್ಲದೆಯಾದರೂ ಹೊರಡಲು ಶಿರಾದ ಮೂರು ಗಂಟೆ ಬಸ್ಸು ಸಿಗುತ್ತಿತ್ತು. ಬಿಸಿಲು ನೋಡಿದೆ, ನಾಳೆ ಹೇಳಿದರಾಯಿತು ಅಂದುಕೊಂಡೆ. ನನ್ನ ಸೋಮಾರಿತನಕ್ಕಿಷ್ಟು ಬೆಂಕಿ ಹಾಕ. ಯಜಮಾನರು ಕತ್ತಲಾಗುವವರೆಗೂ ಜಗಲಿ ಬಿಟ್ಟು ಏಳಲಿಲ್ಲವಂತೆ.

ಶುಕ್ರವಾರ ಬೆಳಗಿನ ಜಾವ ನಿಯಾಜ್ ತೀರಿಕೊಂಡರು.

ಶನಿವಾರ ಮಷೀನು ಬಂತು. ಹಬ್‌ನಲ್ಲಿ ತಪ್ಪಿ ಶಿರಾದ ಚೀಲಕ್ಕೆ ಬಿದ್ದಿತ್ತಂತೆ. ಅವರು ಹೋಗಬೇಕಿದ್ದ ಊರಿನಲ್ಲೇ ಎರಡು ದಿನ ಇತ್ತು. ನಾನೇ ಒಯ್ದು ಕೊಟ್ಟೆ. ಶಿರಾಕ್ಕೆ ಹೋಗಿ ಬಂದಿತ್ತು ಅಂತ ಬರೆದೂ ತೋರಿಸಿದೆ. ಓದಿ, ಚೀಟಿ ಮಡಚಿ ಜೇಬಿಗಿಟ್ಟರು. ನಾಲ್ಕು ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಡಬ್ಬಿ ಬಿಚ್ಚಿ, ಮಷೀನನ್ನು ಕಿವಿಗೆ ಸಿಕ್ಕಿಸಿಕೊಂಡರು. ನಾನು ಮತ್ತೆ ಪೆನ್ನು ತೆಗೆಯುವಾಗ ಕೈ ಹಿಡಿದು ತಡೆದರು.

“ಬರೀಬ್ಯಾಡ ರಂಗೇಶ, ಬಾಯಲ್ಲೇ ಹೇಳು. ಇವತ್ತು ಸಿಗುತ್ತೆ ಅಂತ ಬರ್ಕೊಟ್ಟಲ್ಲ, ಆಗ ಚೀಲ ಬಿಚ್ಚಿ ನೋಡಿದ್ಯೇನ್ಲಾ?”

“ಇಲ್ಲ ಯಜಮಾನ್ರೇ,” ಅಂದೆ. ನನ್ನ ದನಿ ನನಗೇ ಸರಿಯಾಗಿ ಕೇಳಲಿಲ್ಲ. ಅವರಿಗೆ ಕೇಳಿಸಿತು.