ಮೂರನೆಯ ಗೋಡೆ

ಪುಟ್ಟಬಸಪ್ಪ ಮೇಷ್ಟ್ರ ಪ್ರಕಾರ ಈಜು ಎಂದರೆ ಫ್ರೀಸ್ಟೈಲ್. ಉಳಿದ ಮೂರೂ ಅದರ ಬಡ ನೆಂಟರು. ಕೊಳ್ಳೇಗಾಲದ ಹೈಸ್ಕೂಲಿನಲ್ಲಿ ಆಟದ ಮೇಷ್ಟ್ರಾಗಿ ಹತ್ತು ವರ್ಷ ಸೀಟಿ ಊದಿದವರು; ಕಬಡ್ಡಿಗೆ, ಓಟಕ್ಕೆ, ಗುಂಡೆಸೆತಕ್ಕೆ ತಂಡ ಕಟ್ಟಿದವರು. ಆ ಸಲ, ೧೯೭೩ರಲ್ಲಿ, ಹೆಣ್ಣುಮಕ್ಕಳ ಈಜಿನ ತಂಡವನ್ನೂ ಮೈಸೂರಿಗೆ ಕರೆದೊಯ್ಯಬೇಕೆಂದು ಹೊರಟಿದ್ದರು. ಅಷ್ಟರಮಟ್ಟಿಗೆ ಅವರಿಗೆ ಕೈಮುಗಿಯಬೇಕು. ಆಮೇಲೆ ಮಾಡಿದ ಕೆಲಸಕ್ಕೆ ಮಾತ್ರ ತಂಡಕ್ಕೆ ಸೇರಲು ಬಂದ ಹುಡುಗಿ ಶಿವರತ್ನಮ್ಮ ಕೈಮುಗಿಯಲಿಲ್ಲ.

ಯಳಂದೂರಿನ ಪಕ್ಕದ ಒಂದು ಹಳೆಯ ಕಲ್ಲು ಕಟ್ಟಿದ ಕೊಳದಲ್ಲಿ ಆಯ್ಕೆ ನಡೆದಿತ್ತು. ಈ ಬದಿಯೊಂದು ಗೋಡೆ, ಆ ಬದಿಯೊಂದು ಗೋಡೆ, ನಡುವೆ ಸೋರೆಬುರುಡೆ ಕಟ್ಟಿದ ಹಗ್ಗ. ಮೇಷ್ಟ್ರು ಐವರು ಹುಡುಗಿಯರನ್ನೂ ಫ್ರೀಸ್ಟೈಲಿನಲ್ಲಿ ಬಿಟ್ಟು, ಮೊದಲು ಬಂದ ನಾಲ್ವರನ್ನು ಆರಿಸಿದರು. ಕೆಂಪಾಜಿ ನಾಲ್ಕನೆಯವಳು, ಶಿವರತ್ನ ಐದನೆಯವಳು. ಅಲ್ಲಿಗೆ ಕತೆ ಮುಗಿಯಬೇಕಿತ್ತು.

"ಸಾ, ಮೈಸೂರಲ್ಲಿ ಯಾವ ಪಂದ್ಯ?" ಎಂದಳು ಶಿವರತ್ನ, ಒದ್ದೆ ಜಡೆ ಹಿಂಡುತ್ತ.

"ಮೆಡ್ಲೆ ರಿಲೇ. ನಾಲ್ಕು ಜನ, ನಾಲ್ಕು ಥರ. ಮೊದಲು ಅಂಗಾತ, ಆಮೇಲೆ ಕಪ್ಪೆ, ಆಮೇಲೆ ಚಿಟ್ಟೆ, ಕೊನೆಗೆ ಫ್ರೀಸ್ಟೈಲ್."

"ನಾಲ್ಕು ಥರದ ಪಂದ್ಯಕ್ಕೆ ಒಂದೇ ಥರದಲ್ಲಿ ಆರಿಸ್ತೀರಲ್ಲ. ಕಪ್ಪೆ ಈಜಿಗೆ ಯಾರನ್ನ ಬಿಡ್ತೀರಿ?"

"ಕೆಂಪಾಜಿಯನ್ನ. ವೇಗ ಇರೋರು ಏನು ಈಜಿದ್ರೂ ವೇಗ್ವಾಗೇ ಈಜ್ತಾರೆ ಕಣಮ್ಮ."

ಕೆಂಪಾಜಮ್ಮ ಹನೂರಿನವಳು. ಹೊಳೆಯಲ್ಲಿ ಕೈಬೀಸಿ ಬೆಳೆದ ಭುಜ. ಫ್ರೀಸ್ಟೈಲಿನಲ್ಲಿ ಅವಳು ನೀರಿನ ಮೇಲೆ ಚಪ್ಪಟೆಯಾಗಿ ಮಲಗಿ, ಮುಖ ಮುಳುಗಿಸಿ, ಪಕ್ಕಕ್ಕೆ ತಿರುಗಿ ಉಸಿರೆಳೆದು ಹೋಗುತ್ತಿದ್ದರೆ ನೋಡಲು ಚೆಂದ. ಶಿವರತ್ನಳದು ಬಾವಿ ಈಜು. ಬಾವಿಯಲ್ಲಿ ಓಡಿ ಹೋಗಬೇಕಾದ ಊರು ಯಾವುದೂ ಇಲ್ಲ. ತಲೆ ಎತ್ತಿ, ಕಣ್ಣು ಬಿಟ್ಟು, ಕಸಕಡ್ಡಿ ಸರಿಸುತ್ತ ಈಜಿ ಅಭ್ಯಾಸ. ಆ ಎತ್ತಿದ ತಲೆಯೇ ಫ್ರೀಸ್ಟೈಲಿನಲ್ಲಿ ಅವಳ ಸೊಂಟವನ್ನು ಮುಳುಗಿಸಿ, ಅರ್ಧ ದಾರಿಗೇ ದಮ್ಮು ಕಟ್ಟಿಸುತ್ತಿತ್ತು. ಕಪ್ಪೆ ಈಜು ಬೇರೆ ಮಾತು. ಎಳೆ, ಉಸಿರು ತಕೋ, ಒದೆ, ಆಮೇಲೆ ಕೋಲಿನಂತೆ ನೆಟ್ಟಗೆ ಚಾಚಿಕೊಂಡು ಸುಮ್ಮನಿರು ಎಂದು ಅಜ್ಜಿ ಚನ್ನಾಜಮ್ಮ ಐದನೆಯ ವಯಸ್ಸಿಗೇ ಕಲಿಸಿದ್ದಳು. ಆ ಸುಮ್ಮನಿರುವುದನ್ನು ಕಲಿಯಲಿಕ್ಕೇ ಎರಡು ಬೇಸಿಗೆ ಹಿಡಿದಿತ್ತು.

ಮೈಸೂರಿಗೆ ಹೋಗಬೇಕೆಂಬುದು ಶಿವರತ್ನಳಿಗೆ ಸಣ್ಣ ಆಸೆಯೇನಲ್ಲ. ಮುಂದಿನ ವರ್ಷ ಶಾಲೆ ಮುಗಿಯುತ್ತದೆ. ಆಮೇಲೆ ಹೆಣ್ಣು ಹುಡುಗಿಯನ್ನು ಈಜಲು ಯಾರು ಕರೆಯುತ್ತಾರೆ? ಇರುವುದು ಇದೊಂದೇ ಸಲ. ಅಪ್ಪ ಸಿದ್ದಮಲ್ಲಪ್ಪ ಅಜ್ಜಿ ಜೊತೆಗಿದ್ದರೆ ಮಾತ್ರ ಎಂದು ಒಪ್ಪಿದ್ದ. ಅಜ್ಜಿ ಎಲೆಯಡಿಕೆ ಚೀಲದ ಸಮೇತ ಮೆಟ್ಟಿಲ ಮೇಲೆ ಕೂತಿದ್ದಳು.

"ಫ್ರೀಸ್ಟೈಲಲ್ಲಿ ಕೆಂಪಾಜಿಗೂ ನಂಗೂ ನಾಕು ಮಾರು. ಒಪ್ದೆ. ಕಪ್ಪೆಯಲ್ಲಿ ಎಷ್ಟು ಅಂತ ನೋಡಿದ್ದೀರಾ?" ಎಂದಳು ಶಿವರತ್ನ. "ಎಲ್ಲಕ್ಕಿಂತ ನಿಧಾನದ ಈಜು ಅದು ಸಾ. ತಿಳೀದೋರು ಅಲ್ಲೇ ಜಾಸ್ತಿ ಕಳಕೊಳ್ಳೋದು. ಒಂದ್ಸಲ ಇಬ್ರನ್ನೂ ಬಿಟ್ಟು ನೋಡಿ."

ಮೇಷ್ಟ್ರು ನಕ್ಕರು. ಎಲ್ಲರ ಮುಂದೆ ಕೇಳಿದಳಲ್ಲ, ಬೇಡ ಎನ್ನಲಾಗಲಿಲ್ಲ. ಆಚೆ ಗೋಡೆಯ ಮೇಲೆ ಹೋಗಿ ನಿಂತು ಸೀಟಿ ಊದಿದರು.

ಕೆಂಪಾಜಿ ಅವಸರದವಳು. ಕೈ ಎಳೆಯುವಾಗಲೇ ಕಾಲೂ ಒದೆಯುತ್ತಿದ್ದಳು. ಕೈ ಮುಂದಕ್ಕೆ ಕೊಟ್ಟಿದ್ದನ್ನು ಮಂಡಿ ಹಿಂದಕ್ಕೆ ಕಿತ್ತುಕೊಳ್ಳುತ್ತಿತ್ತು. ನೀರು ಚಿಮ್ಮಿದ್ದೇ ಚಿಮ್ಮಿದ್ದು, ಮೈ ಮಾತ್ರ ಅಲ್ಲೇ. ಶಿವರತ್ನ ಪ್ರತಿ ಒದೆತದ ನಂತರ ನೆಟ್ಟಗೆ ಜಾರಿದಳು. ಅವಳು ಗೋಡೆ ತಲುಪಿದಾಗ ಕೆಂಪಾಜಿ ಆರು ಮಾರು ಹಿಂದಿದ್ದಳು. ಅಜ್ಜಿ ಮೆಟ್ಟಿಲ ಮೇಲಿಂದಲೇ "ಬಂದ್ಬುಟ್ಟ್ಲು!" ಎಂದು ಕೂಗಿದಳು.

"ಅನರ್ಹ," ಎಂದರು ಮೇಷ್ಟ್ರು. "ಒಂದೇ ಕೈಯಲ್ಲಿ ಮುಟ್ಟಿದೆ."

ಶಿವರತ್ನ ಕೆಳಗೆ ನೋಡಿಕೊಂಡಳು. ಬಲಗೈ ಗೋಡೆಯ ಮೇಲಿತ್ತು. ಎಡಗೈ ಎದೆಯ ಮೇಲಿತ್ತು, ಅಂಗಿಯೊಳಗಿನ ಕರಡಿಗೆಯನ್ನು ಹಿಡಿದುಕೊಂಡು. ಕೊರಳಿನ ಶಿವದಾರದಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಲಿಂಗ. ನೀರಿಗಿಳಿಯುವ ಅವರ ಮನೆಯವರೆಲ್ಲ ಎಡಗೈಯನ್ನು ಅದಕ್ಕೆ ಕೊಟ್ಟೇ ಬೆಳೆದವರು. ಕೈ ತಾನಾಗಿ ಹೋಗಿತ್ತು, ಅವಳನ್ನು ಕೇಳಿರಲಿಲ್ಲ.

"ಫ್ರೀಸ್ಟೈಲಿಗೂ ಅಂಗಾತಕ್ಕೂ ಒಂದು ಕೈ ಸಾಕು. ಕಪ್ಪೆಗೂ ಚಿಟ್ಟೆಗೂ ಎರಡೂ ಕೈ ಒಟ್ಟಿಗೆ ಮುಟ್ಟಬೇಕು. ನನ್ನ ಕೊರಳಲ್ಲೂ ಲಿಂಗ ಇದೆ ಕಣಮ್ಮ, ಅದಕ್ಕೇಂತ ನಿಯಮ ಬದಲಾಗಲ್ಲ. ಮೈಸೂರಲ್ಲಿ ಈ ತಪ್ಪು ಮಾಡಿದ್ರೆ ನಾಲ್ಕೂ ಜನ ಮನೆಗೆ. ಕೆಂಪಾಜೀನೇ ಹೋಗ್ಲಿ."

"ತಪ್ಪು ನಂದೇ. ನಿಯಮಾನೂ ಒಪ್ಪಿದೆ," ಎಂದಳು. ನಾಚಿಕೆಯಾಗಿತ್ತು, ಆದರೆ ನೀರು ಬಿಟ್ಟು ಮೇಲೆ ಬರಲಿಲ್ಲ. "ಇನ್ನೊಂದ್ಸಲ ಬಿಡಿ."

"ನೀನು ಹೇಳ್ದಂಗೆ ಕುಣಿಯಾಕೆ ಬಂದಿದ್ದೀನಾ ನಾನು?" ಮೇಷ್ಟ್ರಿಗೆ ಈಗ ನಿಜವಾಗಿ ಸಿಟ್ಟು ಬಂದಿತ್ತು. "ಸರಿ, ಬಿಡ್ತೀನಿ. ಆದ್ರೆ ನಾಲ್ಕೂ ಈಜು ಒಟ್ಟಿಗೆ. ಒಬ್ಬೊಬ್ಬರು ಪೂರ್ತಿ ನಾಲ್ಕು ದಾರಿ: ಚಿಟ್ಟೆ, ಅಂಗಾತ, ಕಪ್ಪೆ, ಫ್ರೀಸ್ಟೈಲ್. ಗೆದ್ದೋರು ತಂಡಕ್ಕೆ. ಆಗ್ದಿದ್ರೆ ಈಗ್ಲೇ ಮನೆ ಕಡೆ ಓಗು."

ಕೊನೆಯ ದಾರಿ ಫ್ರೀಸ್ಟೈಲ್ ಎಂದರೆ ಕೊನೆಗೆ ಗೆಲ್ಲುವವರು ಯಾರೆಂದು ಅವರಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಇದಕ್ಕೆ ನ್ಯಾಯ ಎನ್ನುತ್ತಾರೆಯೇ? ಶಿವರತ್ನ ಮಾತ್ರ, "ಆಗ್ಲಿ ಸಾ," ಎಂದಳು.

ಮೆಟ್ಟಿಲ ಹತ್ತಿರ ಅಜ್ಜಿ ಕಾದಿದ್ದಳು. "ಬಾವಿಗೆ ದುಮುಕುವಾಗ ಇಡ್ಕೋ ಅಂದಿದ್ನೇ ಒರತು, ಗೋಡೆ ಮುಟ್ಟುವಾಗ್ಲೂ ಇಡ್ಕೋ ಅಂದಿದ್ನಾ? ತತ್ತಾ ಇಲ್ಲಿ." ಕರಡಿಗೆಯನ್ನು ಒಗೆದ ಬಿಳಿ ವಸ್ತ್ರದಲ್ಲಿ ಸುತ್ತಿ, ಮೊಮ್ಮಗಳ ಎಡರಟ್ಟೆಗೆ ಬಿಗಿದು ಕಟ್ಟಿದಳು. "ತೋಳಿಗೂ ಕಟ್ಕೋತಾರೆ, ತಪ್ಪೇನಿಲ್ಲ. ಈಗ ಎರಡೂ ಕೈ ನಿಂದೇ. ಸೋತು ಬಂದ್ರೂ ಬಾ, ಅಳ್ತಾ ಮಾತ್ರ ಬರಬ್ಯಾಡ."

ಸೀಟಿ. ಮೊದಲ ದಾರಿ ಚಿಟ್ಟೆ. ಎರಡೂ ತೋಳನ್ನು ಒಟ್ಟಿಗೆ ನೀರಿನಿಂದ ಮೇಲೆತ್ತಿ ಮುಂದಕ್ಕೆ ಎಸೆಯಬೇಕು. ಎದೆ ಏಳಬೇಕು, ಸೊಂಟ ಹಿಂಬಾಲಿಸಬೇಕು. ಫ್ರೀಸ್ಟೈಲಿನ ಹತ್ತಿರ ಹತ್ತಿರದ ವೇಗ, ಆದರೆ ಅದಕ್ಕೆ ತೆರುವ ದಮ್ಮು ಎಷ್ಟೋ ಪಾಲು ಹೆಚ್ಚು. ಕೆಂಪಾಜಿ ಎರಡೂ ಕಾಲು ಜೋಡಿಸಿ ಮೀನಿನಂತೆ ಬಡಿಯುತ್ತ ಮೈಯೆಲ್ಲ ಶಕ್ತಿ ಹಾಕಿ ನುಗ್ಗಿದಳು. ಶಿವರತ್ನಳಿಗೆ ಆ ಕಾಲು ಬರದು. ತೋಳು ಚಿಟ್ಟೆಯದು, ಒದೆತ ಕಪ್ಪೆಯದು. ಆಗಿನ ನಿಯಮ ಅದನ್ನೂ ಒಪ್ಪುತ್ತಿತ್ತು. ಐದು ಮಾರು ಹಿಂದೆ ಬಿದ್ದಳು. ಬೀಳಲಿ ಎಂದು ಬಿಟ್ಟಳು. ಇಲ್ಲಿ ಕೆಂಪಾಜಿಯನ್ನು ಅಟ್ಟಿಸಿಕೊಂಡು ಹೋದರೆ ಮುಂದಕ್ಕೆ ತೋಳೇ ಉಳಿಯುವುದಿಲ್ಲ. ಗೋಡೆಗೆ ಎರಡೂ ಕೈ ಇಟ್ಟಳು.

ಎರಡನೆಯ ದಾರಿ ಅಂಗಾತ. ಮುಖ ಆಕಾಶಕ್ಕಿದ್ದ ಮೇಲೆ ಉಸಿರಿಗೆ ಯಾರ ಅಪ್ಪಣೆಯೂ ಬೇಡ. ಕಷ್ಟವೆಂದರೆ ಹೋಗುವ ದಾರಿ ಕಾಣದು. ಕೆಂಪಾಜಿ ವಾಲಿ ಹಗ್ಗದ ಬುರುಡೆಗೆ ಬಡಿದುಕೊಂಡು ಸರಿಪಡಿಸಿಕೊಂಡಳು. ಶಿವರತ್ನ ಕಿವಿಯವರೆಗೆ ನೀರಿನಲ್ಲಿ ಮಲಗಿ, ಒಂದೊಂದೇ ತೋಳು ಹಿಂದಕ್ಕೆಸೆಯುತ್ತ, ಬಾಯಿ ತುಂಬ ಗಾಳಿ ಕುಡಿದಳು. ಎದೆಯ ಡಬಡಬ ಇಳಿಯಿತು. ಈ ಗೋಡೆಗೆ ಬರುವಾಗ ನಡುವೆ ಮೂರು ಮಾರು ಉಳಿದಿತ್ತು.

ಮೂರನೆಯದು ಕಪ್ಪೆ.

ಎಳೆ. ಉಸಿರು. ಒದೆ. ಸುಮ್ಮನಿರು. ಎಷ್ಟು ಅವಸರವಾದರೂ ಸುಮ್ಮನಿರು. ಪಕ್ಕದಲ್ಲಿ ಕೆಂಪಾಜಿಯ ನೊರೆ ಕಂಡಿತು, ಮುಂದಿನ ಒದೆತಕ್ಕೆ ಅವಳ ಭುಜ ಕಂಡಿತು, ಅದರ ಮುಂದಿನದಕ್ಕೆ ಏನೂ ಕಾಣಲಿಲ್ಲ. ಚಿಟ್ಟೆಯಲ್ಲಿ ಸುರಿದ ಶಕ್ತಿ ಈಗ ಕೆಂಪಾಜಿಯ ತೋಳಿನಲ್ಲಿರಲಿಲ್ಲ. ಕೈಕಾಲು ಇನ್ನೂ ಜಗಳವಾಡುತ್ತಿದ್ದವು. ಎದುರಿನ ಗೋಡೆಯ ಮೇಲೆ ಮೇಷ್ಟ್ರು ಬಗ್ಗಿ ನಿಂತಿದ್ದರು, ಕಣ್ಣೆಲ್ಲ ಅವಳ ಕೈಯ ಮೇಲೆ. ನೋಡಲಿ. ಚೆನ್ನಾಗಿಯೇ ನೋಡಲಿ. ಎರಡೂ ಅಂಗೈ ಒಟ್ಟಿಗೆ ಕಲ್ಲಿಗೆ ಬಡಿದವು.

ತಿರುಗಿ ಗೋಡೆ ಒದ್ದು ಫ್ರೀಸ್ಟೈಲಿಗೆ ಹೊರಡಬೇಕಿತ್ತು. ಶಿವರತ್ನ ಹೊರಡಲಿಲ್ಲ. ಅಂಚನ್ನು ಒತ್ತಿ ಮೇಲೆ ಬಂದು, ಕಾಲು ನೀರಿನಲ್ಲಿ ಇಳಿಬಿಟ್ಟು, ಕಲ್ಲಿನ ಮೇಲೆ ಕೂತುಬಿಟ್ಟಳು.

"ಏಯ್! ಇನ್ನೊಂದು ದಾರಿ ಇದೆ! ಇಳಿ!"

"ನಂದು ಮುಗೀತು ಸಾ."

"ಪಂದ್ಯ ಬಿಟ್ಟಂಗಾಯ್ತದೆ, ಸೋತಂಗಾಯ್ತದೆ!"

"ನೀವು ಸೋತ್ಲು ಅನ್ನಿ. ಮೈಸೂರಲ್ಲಿ ನಾನು ಈ ಗೋಡೆ ಮುಟ್ಟಿದ್ರೆ ಮುಂದಿನೋಳು ನನ್ನ ತಲೆ ಮೇಲಿಂದ ದುಮುಕ್ತಾಳೆ. ಅಲ್ಲಿ ನಂಗೆ ಫ್ರೀಸ್ಟೈಲ್ ಇಲ್ಲ. ಇಲ್ಲಿ ಯಾಕೆ ಈಜ್ಲಿ? ಕಪ್ಪೆಗೆ ಯಾರು ಅಂತ ಕೇಳ್ದೆ. ನೀವು ನಿಮ್ಮ ಕಣ್ಣಲ್ಲೇ ನೋಡಿದ್ರಿ. ಇನ್ನು ಕೆಂಪಾಜೀನ ಕಳಿಸಿದ್ರೆ ಗೊತ್ತಿದ್ದೂ ಕಳಿಸ್ದಂಗೆ." ಮೈಸೂರು ಕೈತಪ್ಪಿತೆಂದೇ ಅವಳಿಗೆ ಅನಿಸಿತ್ತು. ಆದರೂ ಮೇಷ್ಟ್ರು ಹೇಳಿದ ಲೆಕ್ಕದಲ್ಲಿ ಸೋಲುವುದು ಅವಳಿಗೆ ಬೇಕಿರಲಿಲ್ಲ.

ಅಷ್ಟು ಮಾತು ಮುಗಿಯುವ ಹೊತ್ತಿಗೆ ಕೆಂಪಾಜಿ ಗೋಡೆಗೆ ಬಂದಳು. ಎರಡೂ ಕೈ ಇಟ್ಟು ಮೇಲೆ ನೋಡಿದಳು. ತಲೆಯ ಮೇಲೆಯೇ ಶಿವರತ್ನಳ ಪಾದಗಳಿದ್ದವು.

"ಓಗು ಕೆಂಪಾಜಿ, ಓಗು! ನೀನೊಬ್ಳೇ ಇರೋದು, ಮುಗ್ಸಿದ್ರೆ ಗೆದ್ದೆ!" ಮೇಷ್ಟ್ರು ಕೂಗಿದರು.

ಕೆಂಪಾಜಿ ಗೋಡೆ ಒದೆಯಲು ಕಾಲು ಮಡಚಿದಳು. ಅವಳು ಸುಮ್ಮನೆ ಹೊರಟುಬಿಟ್ಟಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಆದರೆ ಮಡಚಿದ ಕಾಲು ಇಳಿಸಿದಳು.

"ಯಾಕ್ ಸಾ?" ಎಂದಳು, ಏದುಸಿರಿನಲ್ಲಿ. "ಈ ದಾರಿ ನಂಗೂ ಅಲ್ಲಿಲ್ವಲ್ಲ. ನಂಗೆ ಕೊಟ್ಟಿದ್ದು ಕಪ್ಪೆ. ಅದು ಇಲ್ಲೇ ಮುಗೀತು." ಆಮೇಲೆ ಶಿವರತ್ನಳ ಕಡೆ ತಿರುಗಿ, ಸಿಟ್ಟಿನಿಂದಲೇ, "ಇವಳ ಅಂಗಾಲು ಕೂಡ ಕಾಣ್ನಿಲ್ಲ ನಂಗೆ. ಸುಳ್ಳು ಏಳ್ಕಂಡು ಮೈಸೂರಿಗೆ ಓಗ್ಲಾ?" ಎಂದಳು.

ಮೇಷ್ಟ್ರು ಸೀಟಿಯನ್ನು ಬಾಯಿಗಿಟ್ಟರು, ಊದಲಿಲ್ಲ, ಜೇಬಿಗೆ ಹಾಕಿಕೊಂಡರು. "ಎರಡೂ ಕೈ ಮುಟ್ಟಿದ್ದನ್ನ ನೋಡ್ದೆ," ಎಂದರು, ಯಾರ ಮುಖವನ್ನೂ ನೋಡದೆ. "ಕಪ್ಪೆಗೆ ಶಿವರತ್ನಮ್ಮ. ಸೋಮವಾರ ಮೊದಲ್ನೇ ಬಸ್ಸಿಗೆ ಕೊಳ್ಳೇಗಾಲದಲ್ಲಿರಬೇಕು."

ಆಚೆ ಮೆಟ್ಟಿಲಿನಿಂದ ಅಜ್ಜಿ ಏನೋ ಕೂಗಿದಳು. ಶಿವರತ್ನಳಿಗೆ ಕೇಳಿಸಲಿಲ್ಲ. ಅವಳು ಬಗ್ಗಿ ಕೆಂಪಾಜಿಯತ್ತ ಕೈ ಚಾಚಿದಳು, ಮೇಲೆಳೆದುಕೊಳ್ಳಲು. ಕೆಂಪಾಜಿ ಆ ಕೈಯನ್ನು ನೋಡಿದಳು, ಹಿಡಿಯಲಿಲ್ಲ.

"ಅಲ್ಲಿ ಸೋತು ಗೀತು ಬಂದೀಯ, ನೋಡ್ಕೋ," ಎಂದು ಗೋಡೆ ಒದ್ದು, ಮುಖ ನೀರಿನಲ್ಲಿಟ್ಟು, ಬಾಕಿಯಿದ್ದ ಆ ಕೊನೆಯ ದಾರಿಯನ್ನು ಒಬ್ಬಳೇ ಫ್ರೀಸ್ಟೈಲಿನಲ್ಲಿ ಈಜುತ್ತ ಹೋದಳು.