ಇಪ್ಪತ್ತು ತಲೆ, ಅರವತ್ತೈದು ಕಾಲು

ಹುಟ್ಟಿದ ದಿನಕ್ಕೆಂದು ಮೊಮ್ಮಗಳು ತಂದುಕೊಟ್ಟ ಪುಸ್ತಕವನ್ನು ಲೆಕ್ಕದ ಟೀಚರ್ ಮೊದಲು ಮೂಸಿ ನೋಡಿದರು. ಹೊಸ ಕಾಗದದ ವಾಸನೆ ಎಂದರೆ ಅವರಿಗೆ ಪ್ರಾಣ. ರಟ್ಟಿನ ಮೇಲೆ ಟೀವಿಯಲ್ಲಿ ಬರುವ 'ಗಣಿತ ಮಾಂತ್ರಿಕ' ಹಲ್ಲು ಬಿಟ್ಟುಕೊಂಡು ನಿಂತಿದ್ದ. ಮಕ್ಕಳಿಗಾಗಿ ಒಗಟಿನ ಲೆಕ್ಕಗಳು. ನಾಲ್ಕು ಪುಟ ತಿರುಗಿಸುವಷ್ಟರಲ್ಲಿ ಟೀಚರ್ ಮುಖ ಕೆಂಪಾಯಿತು. ಹತ್ತು ಪುಟ ದಾಟುವಷ್ಟರಲ್ಲಿ ಅವರು ಕೂಗಿದ ಕೂಗಿಗೆ ಅಡುಗೆಮನೆಯಲ್ಲಿದ್ದ ಸೊಸೆ ಸೌಟು ಬೀಳಿಸಿದಳು.

"ಕಳ್ಳ! ಹಾಡಹಗಲ ಕಳ್ಳ! ಇವೆಲ್ಲ ನನ್ನ ಲೆಕ್ಕಗಳು ಕಣೇ!"

ನಿಜ. ಟೀಚರ್ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಮಗನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಅಂಥದೊಂದು ಪುಸ್ತಕ ಬರೆದಿದ್ದರು. ಎರಡು ಸಲ ಅಚ್ಚಾಯಿತು. ಆಮೇಲೆ ಪ್ರಕಾಶಕರು ಅಂಗಡಿ ಮುಚ್ಚಿದರು, ಮನೆಯಲ್ಲಿದ್ದ ಪ್ರತಿಗಳನ್ನು ಗೆದ್ದಲು ತಿಂದು ತೇಗಿತು. ಮಾಂತ್ರಿಕ ಮಾತುಗಳನ್ನು ಬದಲಿಸಿದ್ದ, ಅಂಕಿಗಳನ್ನು ಮುಟ್ಟಿರಲಿಲ್ಲ. ಅದರಲ್ಲೂ ಆ ಕುರಿ ಕೋಳಿಯ ಲೆಕ್ಕ. ಕೊಟ್ಟಿಗೆಯಲ್ಲಿ ಒಟ್ಟು ಇಪ್ಪತ್ತು ತಲೆ, ಐವತ್ತಾರು ಕಾಲು. ಕುರಿ ಎಷ್ಟು, ಕೋಳಿ ಎಷ್ಟು? ಎಂಟು ಕುರಿ, ಹನ್ನೆರಡು ಕೋಳಿ. ಮೊದಲ ಮುದ್ರಣದಲ್ಲಿ ಅಚ್ಚುಮೊಳೆ ಜೋಡಿಸುವವನು ಅಂಕಿ ತಿರುವುಮುರುವು ಮಾಡಿ ಅರವತ್ತೈದು ಕಾಲು ಎಂದು ಇಟ್ಟುಬಿಟ್ಟಿದ್ದ. ಆಗ ಶಾಲೆಯಲ್ಲೆಲ್ಲ ನಗೆಪಾಟಲು. ಎರಡನೆಯ ಮುದ್ರಣದಲ್ಲಿ ಟೀಚರ್ ಎದುರಿಗೇ ಕೂತು ತಿದ್ದಿಸಿದ್ದರು. ಮಾಂತ್ರಿಕನ ಪುಸ್ತಕದಲ್ಲಿ ಅರವತ್ತೈದೇ ಇತ್ತು. ಉತ್ತರ ಮಾತ್ರ ಎಂಟು ಕುರಿ, ಹನ್ನೆರಡು ಕೋಳಿ.

"ಹೋಗ್ಲಿ ಬಿಡಮ್ಮ, ಈ ವಯಸ್ಸಲ್ಲಿ ಬಿಪಿ ಯಾಕೆ ಏರಿಸ್ಕೋತೀಯ?" ಎಂದ ಮಗ.

"ನಿನ್ನ ಬೈಕು ಕದ್ದಾಗ ನೀನು ಹೋಗ್ಲಿ ಬಿಡು ಅಂದ್ಯಾ?"



ಹೊಸ ಪುಸ್ತಕದ ಪ್ರಕಾಶನಕ್ಕೆ ಫೋನು ಮಾಡಿದರೆ ಸಂಪಾದಕ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡಿದ. "ನಿಮ್ಮ ಪುಸ್ತಕ ಇದ್ರೆ ತೋರ್ಸಿ ಮೇಡಂ. ಬಾಯಿಮಾತಲ್ಲಿ ಹೇಗೆ ನಂಬೋದು?"

ಮರುದಿನವೇ ಟೀಚರ್ ಮೊಮ್ಮಗಳನ್ನು ಕರೆದುಕೊಂಡು ಗ್ರಂಥಾಲಯಕ್ಕೆ ನುಗ್ಗಿದರು. ಸದಸ್ಯತ್ವ ಯಾವಾಗಲೋ ಸತ್ತುಹೋಗಿತ್ತು. ವಿಳಾಸಕ್ಕೆ ಕರೆಂಟು ಬಿಲ್ಲು ತೋರಿಸಿ ಹೊಸ ಕಾರ್ಡು ಮಾಡಿಸಿದ್ದಾಯಿತು. ಗ್ರಂಥಪಾಲಕಿ ತನ್ನ ಕಪಾಟುಗಳಲ್ಲಿ ಹುಡುಕಿದಳು, ಇಲ್ಲ. ಆಮೇಲೆ ನೂರಾರು ಗ್ರಂಥಾಲಯಗಳ ಪುಸ್ತಕಪಟ್ಟಿ ಒಂದೇ ಕಡೆ ಸಿಗುವ ತಾಣ ತೆರೆದಳು.

"ಇದೆ ಅಮ್ಮ! ಬೇರೆ ಊರಿನ ಶಿಕ್ಷಕರ ಕಾಲೇಜಲ್ಲಿ. ನಮ್ಮ ಗ್ರಂಥಾಲಯದ ಹೆಸರಲ್ಲಿ ಎರವಲು ಕೇಳ್ತೀನಿ. ಯಾವ ಮುದ್ರಣ ಆದ್ರೂ ಆಗುತ್ತಾ?"

"ಯಾವುದೋ ಒಂದು. ಬೇಗ ತರಿಸಮ್ಮ, ನನ್ನ ಹೊಟ್ಟೆ ಉರೀತಿದೆ."

ಆ ಒಂದು ಮಾತೇ ಮುಳುವಾಯಿತು. ಮೂರು ವಾರ ಕಾಯಿಸಿ ಬಂದದ್ದು ಎರಡನೆಯ ಮುದ್ರಣ. ಮನೆಗೆ ಕೊಡುವಂತಿಲ್ಲ, ಇಲ್ಲೇ ಕೂತು ನೋಡಬೇಕು ಎಂದು ಕಳಿಸಿದ ಕಾಲೇಜಿನ ಷರತ್ತು. ಟೀಚರ್ ಓದುವ ಕೋಣೆಯಲ್ಲಿ ಕೂತು, ತಾವೇ ಬರೆದದ್ದನ್ನು ಅಪರಿಚಿತರ ಹಾಗೆ ಓದಿದರು. ಬೇಕಾದ ಪುಟಗಳ ಜೆರಾಕ್ಸ್ ಸಂಪಾದಕನಿಗೆ ಹೋಯಿತು. ಅವನ ಫೋನು ಬಂತು.

"ಮೇಡಂ, ತಲೆ ಕಾಲು ಎಣಿಸೋ ಲೆಕ್ಕ ಜಗತ್ತಿಗೇ ಗೊತ್ತಿರೋದು. ನಮ್ಮವರು ಊರೂರು ಸುತ್ತಿ, ಜನರ ಬಾಯಲ್ಲಿದ್ದದ್ದನ್ನ ಸಂಗ್ರಹಿಸಿದ್ದಾರೆ. ಮೇಲಾಗಿ ನಿಮ್ಮದ್ರಲ್ಲಿ ಐವತ್ತಾರು, ನಮ್ಮದ್ರಲ್ಲಿ ಅರವತ್ತೈದು. ಬೇರೆ ಬೇರೆ ಅಲ್ವಾ?"

ಟೀಚರ್ ಫೋನನ್ನು ಮಂಚದ ಮೇಲೆ ಎಸೆದರು. ಅಂದು ಊಟ ಸೇರಲಿಲ್ಲ. ತಾವು ತಿದ್ದಿದ ತಪ್ಪೇ ಕಳ್ಳನಿಗೆ ಗುರಾಣಿಯಾಗಿತ್ತು!

"ಮೊದಲನೇ ಮುದ್ರಣವೇ ಬೇಕು," ಎಂದರು ಗ್ರಂಥಪಾಲಕಿಗೆ.

ಯಾಕೆ ಬೇಕೆಂದು ತಾನು ಮೊದಲೇ ಕೇಳಬೇಕಿತ್ತು ಎಂದು ಅವಳು ಪೇಚಾಡಿಕೊಂಡು ಮತ್ತೆ ಹುಡುಕಿದಳು. ಪ್ರಕಟವಾದ ವರ್ಷ ಹಾಕಿ ಸೋಸಿದಾಗ ಒಂದೇ ಒಂದು ಪ್ರತಿ ಸಿಕ್ಕಿತು, ದೂರದ ದೊಡ್ಡ ಗ್ರಂಥಾಲಯದಲ್ಲಿ. "ಕಾಗದ ಮುಟ್ಟಿದ್ರೆ ಪುಡಿಯಾಗುತ್ತಂತೆ, ಹೊರಗೆ ಕೊಡಲ್ಲ. ಆದ್ರೆ ಸ್ಕ್ಯಾನ್ ಮಾಡಿಟ್ಟಿದ್ದಾರೆ. ಕಂಪ್ಯೂಟರಲ್ಲೇ ಎರವಲು ತಗೊಂಡು ಓದಬಹುದು."

"ಹಾಗಾದ್ರೆ ತೆಗಿ."

"ಈಗ ಬೇರೆ ಯಾರೋ ತಗೊಂಡಿದ್ದಾರೆ ಅಮ್ಮ. ಆ ಗ್ರಂಥಾಲಯದಲ್ಲಿ ಪುಸ್ತಕ ಇರೋದು ಒಂದು, ಅದಕ್ಕೆ ಒಂದು ಸಲಕ್ಕೆ ಒಬ್ಬರಿಗೇ ಕೊಡೋದು. ತಗೊಂಡೋರ ಎರಡು ವಾರ ಮುಗೀಬೇಕು. ನಿಮ್ಮ ಹೆಸರು ಸಾಲಲ್ಲಿ ಹಾಕ್ತೀನಿ."

ಓದುವ ಕೋಣೆಯಲ್ಲಿದ್ದವರೆಲ್ಲ ತಲೆಯೆತ್ತುವಂತೆ ಟೀಚರ್ ಮೇಜು ಕುಟ್ಟಿದರು. "ಬರೆದೋಳು ನಾನು! ನನ್ನ ಪುಸ್ತಕ ಓದೋಕೆ ನಾನೇ ಸಾಲಲ್ಲಿ ನಿಲ್ಲಬೇಕಾ? ಯಾರು ಆ ಮಹಾಶಯ? ಆ ಮಾಂತ್ರಿಕನೇ ಇರಬೇಕು!"

"ಯಾರು ಅಂತ ನಮಗೂ ತೋರ್ಸಲ್ಲ. ತೋರಿಸಿದ್ರೂ ನಾನು ಹೇಳೋ ಹಾಗಿಲ್ಲ. ನೀವು ಏನು ಓದ್ತೀರಿ ಅಂತ ನಾನು ಅವನಿಗೆ ಹೇಳಿದ್ರೆ ಸುಮ್ಮನಿರ್ತೀರಾ?"

ಟೀಚರ್‌ಗೆ ಹೆಸರು ಬರೆಸದೆ ವಿಧಿಯಿರಲಿಲ್ಲ. ಅದಕ್ಕೂ ಸಿಟ್ಟು ಬಂತು.

ಸರದಿ ಬಂದ ದಿನ ಮೊಮ್ಮಗಳ ಲ್ಯಾಪ್‌ಟಾಪಿನಲ್ಲಿ ಹಳದಿ ಪುಟಗಳು ಒಂದೊಂದಾಗಿ ತೆರೆದುಕೊಂಡವು. ಇಪ್ಪತ್ತು ತಲೆ, ಅರವತ್ತೈದು ಕಾಲು. ಜೀವನದಲ್ಲಿ ಮೊದಲ ಸಲ ಟೀಚರ್ ಆ ತಪ್ಪನ್ನು ಕಂಡು ಕೈ ಮುಗಿದರು. ಆದರೆ ಪುಟವನ್ನು ಇಳಿಸಿಕೊಳ್ಳಲು ಬೀಗ, ಅಚ್ಚು ಹಾಕಲೂ ಬೀಗ. ಗ್ರಂಥಪಾಲಕಿ ಸೋಲಲಿಲ್ಲ. ಇಡೀ ಪುಸ್ತಕ ಬೇಡ, ಶೀರ್ಷಿಕೆಯ ಪುಟ, ಮುದ್ರಣದ ವರ್ಷವಿರುವ ಪುಟ, ಲೆಕ್ಕ ಮತ್ತು ಉತ್ತರದ ಪುಟಗಳು ಇಷ್ಟರ ನಕಲು ಸಾಕು ಎಂದು ಆ ಗ್ರಂಥಾಲಯಕ್ಕೆ ಕೋರಿಕೆ ಕಳಿಸಿದಳು. ಅವರು ತಮ್ಮ ಮೊಹರು ಒತ್ತಿ ಕಳಿಸಿಕೊಟ್ಟರು.

ಪ್ರಕಾಶನದ ಕಚೇರಿಯಲ್ಲಿ ಸಂಪಾದಕನ ಪಕ್ಕ ಮಾಂತ್ರಿಕನೂ ಕೂತಿದ್ದ, ಕಾಲ ಮೇಲೆ ಕಾಲು ಹಾಕಿಕೊಂಡು. ಟೀಚರ್ ಕೂರಲಿಲ್ಲ.

"ಈ ಲೆಕ್ಕ ನೀವೇ ಬಿಡಿಸಿದ್ರಾ?"

"ಮತ್ತೆ? ಬಿಡಿಸದೆ ಹಾಕ್ತೀವಾ ಅಮ್ಮ?"

"ಕುರಿಗೆ ನಾಲ್ಕು ಕಾಲು, ಕೋಳಿಗೆ ಎರಡು. ಹೇಗೆ ಕೂಡಿದ್ರೂ ಸಮಸಂಖ್ಯೆ. ಅರವತ್ತೈದು ಎಲ್ಲಿಂದ ಬಂತಪ್ಪ? ನಿನ್ನ ಕೊಟ್ಟಿಗೇಲಿ ಯಾವ ಕುರಿ ಕುಂಟು?"

ಅವನು ಬೆರಳು ಮಡಚಿ ಎಣಿಸಿದ. ಮೇಲಿದ್ದ ಕಾಲು ಕೆಳಗೆ ಬಂತು. ಟೀಚರ್ ಮೊಹರಿನ ಹಾಳೆಗಳನ್ನು ಸಂಪಾದಕನ ಮುಂದೆ ಹರವಿದರು.

"ಇದು ಜನರ ಬಾಯಲ್ಲಿದ್ದ ಲೆಕ್ಕ ಅಲ್ಲ. ನಮ್ಮ ಅಚ್ಚಿನವನ ಕೈತಪ್ಪು. ನನ್ನ ಪುಸ್ತಕ ಬಿಟ್ಟು ಲೋಕದಲ್ಲಿ ಇನ್ನೆಲ್ಲೂ ಇಲ್ಲ. ತಪ್ಪನ್ನೂ ಕದಿಯೋ ಅಷ್ಟು ಸೋಮಾರಿತನ ಇರೋನು ಮಕ್ಕಳಿಗೆ ಏನು ಕಲಿಸ್ತೀಯ?"

ಸಂಪಾದಕ ಎರಡೂ ಉತ್ತರಗಳನ್ನು ಹೋಲಿಸಿ ನೋಡಿ ಬೆವರೊರೆಸಿಕೊಂಡ. ಮುಂದಿನ ಮುದ್ರಣದಲ್ಲಿ 'ಕೃತಜ್ಞತೆಗಳು' ಎಂದು ಹೆಸರು ಹಾಕೋಣವೇ ಎಂದ. ಟೀಚರ್ ಒಪ್ಪಲಿಲ್ಲ. ಮಾಂತ್ರಿಕನ ಜೊತೆಗೆ ಅವರ ಹೆಸರೂ ರಟ್ಟಿನ ಮೇಲೆ ಹಾಕೋಣ ಎಂದ.

"ಕದ್ದ ಮಾಲಲ್ಲಿ ಪಾಲು ಕೊಡ್ತೀಯಾ? ವಾಪಸ್ ತಗೋ. ಅಂಗಡಿಯಿಂದ ಒಂದೊಂದನ್ನೂ ವಾಪಸ್ ತಗೋ. ಇಲ್ಲದಿದ್ರೆ ಈ ಹಾಳೆಗಳು ಕೋರ್ಟಿಗೆ ಹೋಗ್ತವೆ."

ತಿಂಗಳೊಪ್ಪತ್ತಿನಲ್ಲಿ ಪುಸ್ತಕ ಅಂಗಡಿಗಳಿಂದ ಮಾಯವಾಯಿತು. ಮಾಂತ್ರಿಕ ಮಾತ್ರ ಟೀವಿಯಲ್ಲಿ ಹಾಗೇ ಹಲ್ಲು ಬಿಡುತ್ತಿದ್ದ. ಒಂದು ಕ್ಷಮೆಯ ಮಾತಿಲ್ಲ. ಅವನು ಬಂದಾಗಲೆಲ್ಲ ಟೀಚರ್ ರಿಮೋಟನ್ನು ಕುಕ್ಕುತ್ತಿದ್ದರು.

ಸಿಟ್ಟು ಇಳಿಯಲಿಲ್ಲ, ಆದರೆ ಅದಕ್ಕೆ ಒಂದು ಕೆಲಸ ಸಿಕ್ಕಿತು. ಪುಸ್ತಕದ ಹಕ್ಕು ಇನ್ನೂ ತಮ್ಮದೇ ಎಂದು ಖಚಿತಪಡಿಸಿಕೊಂಡು, ಗ್ರಂಥಪಾಲಕಿಯ ಮೇಜಿನ ಮುಂದೆಯೇ ಕೂತು ದೂರದ ಆ ಗ್ರಂಥಾಲಯಕ್ಕೆ ಅನುಮತಿ ಬರೆದು ಸಹಿ ಹಾಕಿದರು: ನನ್ನ ಪುಸ್ತಕದ ಬೀಗ ತೆಗೆಯಿರಿ, ಯಾರು ಬೇಕಾದರೂ ಎಷ್ಟು ಜನ ಬೇಕಾದರೂ ಒಟ್ಟಿಗೆ ಓದಲಿ, ಇಳಿಸಿಕೊಳ್ಳಲಿ.

"ಮತ್ತೆ ಯಾರಾದ್ರೂ ಕದ್ರೆ ಅಜ್ಜಿ?" ಎಂದಳು ಮೊಮ್ಮಗಳು.

"ಕದೀಲಿ ನೋಡೋಣ. ಈಗ ಮೂಲ ಎಲ್ಲರ ಕಣ್ಣ ಮುಂದೆ ಇರುತ್ತಲ್ಲ," ಎಂದು ಟೀಚರ್ ಪೆನ್ನಿನ ಟೋಪಿಯನ್ನು ಟಪ್ಪನೆ ಮುಚ್ಚಿದರು.