ಚಾರ್ಜರಿನ ಮೇಲಿನ ನಂಬರು

ದಂಡೋತಿಯ ವೈರ್‌ಮನ್ ಸಾಯಬಣ್ಣನ ಹೆಂಡತಿ ನೀಲಾಬಾಯಿ, ಚಾರ್ಜಿಗೆ ಹಾಕಿದ್ದ ಫೋನ್ ತೆಗೆಯಲು ಹೋಗಿ ಶಾಕ್ ಹೊಡೆದು ತೀರಿಕೊಂಡು ಮೂರು ತಿಂಗಳಾಗಿತ್ತು. ಮನೆಯ ವೈರಿಂಗ್ ಅವನದೇ ಕೈಯದು. ತಾನೇ ಅವಳನ್ನು ಕೊಂದೆನೆಂದು ಅವನು ನಂಬಿಬಿಟ್ಟಿದ್ದ.

ಪೊಲೀಸರು ಚಾರ್ಜರ್ ಒಯ್ಯುವ ಮುನ್ನ ಮಗಳು ಶಿವರಂಜನಿ ಅದರ ಫೋಟೋ ತೆಗೆದಿದ್ದಳು. ಅದನ್ನು ಹಿಡಿದು ಅವನು ಚಿತ್ತಾಪುರದಲ್ಲಿ ಮೊಬೈಲ್ ರಿಪೇರಿ ಮಾಡುವ ನಾಗರತ್ನಾಳ ಅಂಗಡಿಗೆ ಹೋದ.

ನಾಗರತ್ನಾ ಫೋಟೋ ದೊಡ್ಡದು ಮಾಡಿ ನೋಡಿದಳು. "ಕಾಕಾ, ಅಡಾಪ್ಟರ್ ಅನ್ನೋ ಇಂಗ್ಲಿಷ್ ಶಬ್ದದಾಗ ಒಂದು ಅಕ್ಷರ ತಪ್ಪು ಅದ."

ಐಎಸ್‌ಐ ಗುರುತಿನಂಥ ಚಿತ್ರದ ಕೆಳಗೆ 'ಆರ್' ಅಕ್ಷರ, ಎಂಟು ಅಂಕಿ ಇದ್ದವು. ಆ ನಂಬರನ್ನು ಅವಳು ಸರಕಾರದ ಗುಣಮಟ್ಟ ಸಂಸ್ಥೆ ಬಿಐಎಸ್‌ನ ಆ್ಯಪಿನಲ್ಲಿ ಹಾಕಿದಳು. ಬೇರೆ ಯಾವುದೋ ಕಂಪನಿಯ ಎಲ್‌ಇಡಿ ಬಲ್ಬಿನ ವಿವರ ಬಂತು.

"ನಂಬರ್ ಕದ್ದು ಹಾಕ್ಯಾರ. ಇದು ನಕಲಿ. ಜೀವ ತೆಗೆದದ್ದು ಇದೇ ಅಂತ ಫೋಟೋ ನೋಡಿ ನಾ ಹೇಳಂಗಿಲ್ಲ. ಅದನ್ನ ಬಿಚ್ಚಿ ನೋಡಿದವ್ರೇ ಹೇಳ್ಬೇಕು."

ಸಾಯಬಣ್ಣ ಕೂಡಲೇ ಮಗಳಿಗೆ ಫೋನ್ ಮಾಡಿದ. "ಅದರ ಜೋಡಿಲೆ ತಂದ ಇನ್ನೊಂದು ಚಾರ್ಜರ್ ಅದ ಅಲ್ಲಾ, ಮೊದ್ಲ ಸ್ವಿಚ್ ಬಂದ್ ಮಾಡು, ಆಮ್ಯಾಲ ಕಿತ್ತು ತೆಗಿ. ಮತ್ತ ಹಚ್ಚಬ್ಯಾಡ."

ಫೋನಿಟ್ಟ ಮೇಲೂ ಅವನ ಮನಸ್ಸು ಹಗುರಾಗಲಿಲ್ಲ.

"ತಗೊಳ್ಳುವಾಗ ನನ್ನ ಹೆಂಡ್ತಿ ಬ್ಯಾಡ ಅಂದಿದ್ಳವ್ವ," ಎಂದ. "ಅದರ ಮ್ಯಾಲ ಬರದದ್ದು ನೆಟ್ಟಗ ಕಾಣಾಕತ್ತಿಲ್ಲ ಅಂದ್ಳು. ನಡೀತದ ಅಂತ ನಾನೇ ತಂದೆ."

ನಾಗರತ್ನಾ ಕುರ್ಚಿ ಸರಿಸಿಕೊಂಡು ಅವನ ಹತ್ತಿರ ಕೂತಳು.